ದಪ್ಪ ಕವರಿಗಿಂತ ಸಣ್ಣ ತಗಡೇ ಅಪಾಯ

ವೈರ್‌ಲೆಸ್ ಚಾರ್ಜರ್ ಕೊಂಡವರಲ್ಲಿ ಹಲವರು ವಾರದೊಳಗೇ ಅಂಗಡಿಗೆ ವಾಪಸು ಬರುತ್ತಾರೆ. ದೂರು ಒಂದೇ: “ರಾತ್ರಿ ಇಟ್ಟು ಮಲಗಿದೆ, ಬೆಳಿಗ್ಗೆ ನೋಡಿದ್ರೆ ಹನ್ನೆರಡೇ ಪರ್ಸೆಂಟು.” ಅಂಗಡಿಯವರ ಉತ್ತರವೂ ಒಂದೇ: “ಕವರ್ ದಪ್ಪ ಇದೆ ಸಾರ್, ತೆಗೆದಿಡಿ.” ಈ ಉತ್ತರ ಅರ್ಧ ಸರಿ. ಉಳಿದರ್ಧದಲ್ಲಿ ಕಾರಿನ ಹೋಲ್ಡರಿಗೆಂದು ಅಂಟಿಸಿಕೊಂಡ ಕಬ್ಬಿಣದ ತಗಡು, ಬೆರಳಿಗೆ ಸಿಕ್ಕಿಸುವ ರಿಂಗು, ಕವರಿನೊಳಗೆ ತುರುಕಿದ ಸಿಮ್ ಪಿನ್ನು, ಮಾತ್ರೆಯ ಪಟ್ಟಿ, ಮೆಟ್ರೋ ಕಾರ್ಡು, ಮೇಲೆ ಮೆತ್ತಿದ ಮ್ಯಾಗ್ನೆಟ್ ಉಂಗುರ ಎಲ್ಲವೂ ಬರುತ್ತವೆ. ಇವು ಒಂದೊಂದೂ ಬೇರೆ ಬೇರೆ ರೀತಿಯಲ್ಲಿ ಕೆಲಸ ಕೆಡಿಸುತ್ತವೆ. ಯಾವುದು ಕೆಡಿಸಿತು ಎಂಬುದನ್ನು ಪ್ಯಾಡು ಮತ್ತು ಫೋನು ನಡೆದುಕೊಳ್ಳುವ ರೀತಿಯಿಂದಲೇ ಬಹುಮಟ್ಟಿಗೆ ಹೇಳಬಹುದು.

ಪ್ಯಾಡಿನೊಳಗೆ ತಾಮ್ರದ ತಂತಿಯನ್ನು ಸುತ್ತಿದ ಒಂದು ಕಾಯಿಲ್ ಇರುತ್ತದೆ. ಅಗಲ ಸುಮಾರು ನಾಲ್ಕೈದು ಸೆಂಟಿಮೀಟರು. ಫೋನಿನ ಬೆನ್ನಿನ ಗಾಜಿನ ಕೆಳಗೆ ಅಷ್ಟೇ ಅಗಲದ ಇನ್ನೊಂದು ಕಾಯಿಲ್ ಇದೆ. ಪ್ಯಾಡಿನ ಕಾಯಿಲಿನಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಹುಟ್ಟುವ, ಅಷ್ಟೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಫೋನಿನ ಕಾಯಿಲನ್ನು ಹಾದುಹೋಗುವಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. 2008ರಲ್ಲಿ ಶುರುವಾದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಎಂಬ ಕೂಟ ಇದಕ್ಕೆ ‘ಚೀ’ ಎಂಬ ಮಾನದಂಡ ರೂಪಿಸಿತು. ಇಂದು ಮಾರುಕಟ್ಟೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಫೋನ್ ಪ್ಯಾಡುಗಳೂ ಅದನ್ನೇ ಅನುಸರಿಸುತ್ತವೆ.

ಪ್ಯಾಡು ಸುಮ್ಮನೆ ಸದಾಕಾಲ ವಿದ್ಯುತ್ತನ್ನು ಮೇಲಕ್ಕೆ ಸುರಿಯುತ್ತಿರುವುದಿಲ್ಲ. ಮೇಲೆ ಏನಾದರೂ ಬಂತೇ ಎಂದು ಆಗಾಗ ಸಣ್ಣದಾಗಿ ತಟ್ಟಿ ನೋಡುತ್ತದೆ. ಬಂದಿದೆ ಎನ್ನಿಸಿದರೆ ಸ್ವಲ್ಪ ಜೋರಾಗಿ ತಟ್ಟುತ್ತದೆ. ಆ ಅಲ್ಪ ಶಕ್ತಿಯಲ್ಲೇ ಫೋನಿನ ಚಾರ್ಜಿಂಗ್ ಚಿಪ್ ಎಚ್ಚರಗೊಂಡು, ‘ನಾನು ಫೋನು, ನನಗೆ ಇಷ್ಟು ವ್ಯಾಟ್ ಬೇಕು’ ಎಂದು ತಿಳಿಸುತ್ತದೆ. ಇದಕ್ಕೆ ಬ್ಲೂಟೂತ್ ಬೇಕಿಲ್ಲ. ಫೋನು ತಾನು ಎಳೆಯುವ ವಿದ್ಯುತ್ತನ್ನು ಒಂದು ಲಯದಲ್ಲಿ ಏರಿಳಿಸುತ್ತದೆ, ಪ್ಯಾಡಿನ ಕಾಯಿಲಿನಲ್ಲಿ ಆ ಏರಿಳಿತ ಕಾಣುತ್ತದೆ, ಅಷ್ಟೇ. ಚಾರ್ಜಿಂಗ್ ಶುರುವಾದ ಮೇಲೂ ‘ಇನ್ನಷ್ಟು ಕೊಡು’, ‘ಸಾಕು, ಕಡಿಮೆ ಮಾಡು’ ಎಂಬ ಸಂದೇಶ ಸೆಕೆಂಡಿಗೆ ನಾಲ್ಕಾರು ಸಲ ಹೋಗುತ್ತಲೇ ಇರುತ್ತದೆ. ಒಂದೆರಡು ಸೆಕೆಂಡು ಸಂದೇಶ ಬಾರದಿದ್ದರೆ ಪ್ಯಾಡು ಶಕ್ತಿ ಕಡಿದು ಮತ್ತೆ ಮೊದಲಿನಿಂದ ತಟ್ಟಲು ತೊಡಗುತ್ತದೆ. ಮಂಚದ ಪಕ್ಕ ರಾತ್ರಿಯಿಡೀ ‘ಟಿಣ್… ಟಿಣ್…’ ಎನ್ನುತ್ತಾ ಫೋನಿನ ಪರದೆ ಹೊತ್ತಿ ಆರುವುದಕ್ಕೆ ಇದೇ ಕಾರಣ. ಮಾತು ಶುರುವಾಗುತ್ತದೆ, ಮುರಿಯುತ್ತದೆ, ಮತ್ತೆ ಶುರುವಾಗುತ್ತದೆ.

ಈಗ ದಪ್ಪ ಕವರಿನ ವಿಷಯ. ಪ್ಲಾಸ್ಟಿಕ್, ಸಿಲಿಕೋನ್, ಚರ್ಮ, ಮರ ಇವು ಯಾವುವೂ ಈ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಅದರ ಮಟ್ಟಿಗೆ ಕವರ್ ಇದ್ದರೂ ಬರೀ ಗಾಳಿ ಇದ್ದರೂ ಒಂದೇ. ಕವರ್ ಮಾಡುವುದೇನಿದ್ದರೂ ಎರಡು ಕಾಯಿಲುಗಳ ನಡುವಿನ ದೂರ ಹೆಚ್ಚಿಸುವುದು. ಆ ದೂರವನ್ನು ಕವರಿನಿಂದಲೇ ಲೆಕ್ಕ ಹಾಕಲು ಶುರುಮಾಡಬಾರದು. ಪ್ಯಾಡಿನ ಮೇಲುಹೊದಿಕೆ ಒಂದೆರಡು ಮಿಲಿಮೀಟರು, ಫೋನಿನ ಬೆನ್ನಿನ ಗಾಜು ಸುಮಾರು ಒಂದು ಮಿಲಿಮೀಟರು ಮೊದಲೇ ನುಂಗಿರುತ್ತವೆ. ಅದರ ಮೇಲೆ ಎರಡು ಮಿಲಿಮೀಟರಿನ ಸಾದಾ ಕವರ್ ಹಾಕಿದರೆ ಯಾವ ಪ್ಯಾಡೂ ತಕರಾರು ಮಾಡುವುದಿಲ್ಲ. ಮೂರರವರೆಗೂ ಸಾಮಾನ್ಯವಾಗಿ ನಡೆಯುತ್ತದೆ. ಎತ್ತರದಿಂದ ಬಿದ್ದರೂ ಒಡೆಯದಂತೆ ಎರಡು ಪದರದಲ್ಲಿ ಮಾಡಿದ ಕವರುಗಳು, ಹಿಂದೆ ಕಾರ್ಡ್ ಇಡುವ ಜೇಬಿರುವ ಚರ್ಮದ ಪೌಚುಗಳು ಐದು ಮಿಲಿಮೀಟರಿಗೆ ಹೋದಾಗ ಅದೃಷ್ಟದಾಟ ಶುರು. ಒಂದು ಪ್ಯಾಡಿನಲ್ಲಿ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ.

ದೂರ ಹೆಚ್ಚಿದ ಕೂಡಲೇ ಚಾರ್ಜಿಂಗ್ ನಿಂತುಬಿಡುವುದಿಲ್ಲ ಎಂಬುದೇ ಇಲ್ಲಿ ಜನ ಗಮನಿಸದ ಸಂಗತಿ. ಫೋನು ‘ಇನ್ನಷ್ಟು ಕೊಡು’ ಎನ್ನುತ್ತದೆ, ಪ್ಯಾಡು ತನ್ನ ಕಾಯಿಲಿಗೆ ಇನ್ನಷ್ಟು ವಿದ್ಯುತ್ ಹರಿಸುತ್ತದೆ. ಫೋನಿನ ಪರದೆಯ ಮೇಲೆ ಏನೂ ವ್ಯತ್ಯಾಸ ಕಾಣದು. ಆದರೆ ಅಡಾಪ್ಟರಿಗೂ ಪ್ಯಾಡಿನ ಕೇಬಲಿಗೂ ನಡುವೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಮೀಟರ್ ಒಂದನ್ನು ಹಾಕಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಕವರಿಲ್ಲದೆ ಇಟ್ಟಾಗ ಎಳೆಯುತ್ತಿದ್ದ ವ್ಯಾಟಿಗಿಂತ ದಪ್ಪ ಕವರಿನಲ್ಲಿ ಹೆಚ್ಚು ಎಳೆಯುತ್ತಿರುತ್ತದೆ, ಬ್ಯಾಟರಿ ತುಂಬುವ ವೇಗ ಮಾತ್ರ ಅಷ್ಟೇ. ಆ ಹೆಚ್ಚುವರಿ ಶಕ್ತಿಯೆಲ್ಲ ಪ್ಯಾಡಿನಲ್ಲೂ ಫೋನಿನ ಬೆನ್ನಲ್ಲೂ ಬಿಸಿಯಾಗಿ ಹೋಗುತ್ತದೆ. ಎಲ್ಲ ಸರಿಯಿದ್ದಾಗಲೇ ಈ ವ್ಯವಸ್ಥೆಯಲ್ಲಿ ಸುಮಾರು ಕಾಲು ಭಾಗ ಶಕ್ತಿ ಹೀಗೆ ಪೋಲಾಗುತ್ತದೆ. ದೂರ ಹೆಚ್ಚಿದಷ್ಟೂ ಈ ಪೋಲು ಹೆಚ್ಚು. ಅದರ ಮೇಲೆ ದಪ್ಪ ಕವರ್ ಆ ಬಿಸಿ ಹೊರಗೆ ಹೋಗದಂತೆ ಹೊದ್ದು ಕೂತಿರುತ್ತದೆ. ಬ್ಯಾಟರಿ ಕಾವೇರಿದರೆ ಫೋನು ತಾನಾಗಿಯೇ ಚಾರ್ಜಿಂಗ್ ನಿಧಾನ ಮಾಡುತ್ತದೆ. ಐಫೋನಿನಲ್ಲಿ ಹಲವು ಸಲ 80 ಪ್ರತಿಶತಕ್ಕೆ ಬಂದು ನಿಂತುಬಿಡುವುದು ಇದಕ್ಕೇ. ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಫ್ಯಾನಿಲ್ಲದ ಕೋಣೆಯಲ್ಲಿ ಹೀಗಾದರೆ ಪ್ಯಾಡು ಕೆಟ್ಟಿದೆ ಎಂದು ಬೈಯಬೇಕಿಲ್ಲ. ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟದ ಕಡೆ ಫೋನ್ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಅಲ್ಲಿನ ಬೇಸಿಗೆ ಆ ಗೆರೆಯನ್ನು ಸುಲಭವಾಗಿ ದಾಟಿರುತ್ತದೆ.

ದಪ್ಪ ಕವರಿನಿಂದ ಆಗುವ ಕೇಡು ಇಷ್ಟೇ. ನಿಧಾನ, ಬಿಸಿ, ಕೊನೆಗೆ ಚಾರ್ಜ್ ಆಗದಿರುವುದು. ಲೋಹದ ಕತೆ ಹಾಗಲ್ಲ.

ಅಡುಗೆಮನೆಯ ಇಂಡಕ್ಷನ್ ಒಲೆಯನ್ನು ನೆನಪಿಸಿಕೊಳ್ಳಿ. ಅದರೊಳಗೂ ಇಂಥದೇ ಕಾಯಿಲ್, ಇಂಥದೇ ಬದಲಾಗುವ ಕಾಂತಕ್ಷೇತ್ರ. ಮೇಲಿಟ್ಟ ಸ್ಟೀಲ್ ಪಾತ್ರೆಯ ತಳದಲ್ಲಿ ವಿದ್ಯುತ್ತು ಸುಳಿಸುಳಿಯಾಗಿ ಹರಿದು ತಳವೇ ಬಿಸಿಯಾಗುತ್ತದೆ. ಪ್ಯಾಡಿಗೂ ಫೋನಿಗೂ ನಡುವೆ ಸಿಕ್ಕ ಕಬ್ಬಿಣದ ತಗಡು ಆ ಪಾತ್ರೆಯ ತಳದ ಪಾಡನ್ನೇ ಪಡುತ್ತದೆ. ತಗಡು ತೆಳ್ಳಗಿದೆ, ಪರವಾಗಿಲ್ಲ ಎಂದುಕೊಳ್ಳುವಂತಿಲ್ಲ. ಇಷ್ಟು ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು ಲೋಹದ ಒಳಕ್ಕೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಹರಿಯುತ್ತದೆ. ಕಬ್ಬಿಣದಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಆಳಕ್ಕೆ ಹೋಗದು. ಅಂದಮೇಲೆ ಅರ್ಧ ಮಿಲಿಮೀಟರಿನ ತಗಡು ಈ ಕ್ಷೇತ್ರದ ಪಾಲಿಗೆ ಗೋಡೆಯೇ. ಐದು ಮಿಲಿಮೀಟರ್ ರಬ್ಬರು ಮಾಡಲಾಗದ ಕೆಲಸವನ್ನು ಅರ್ಧ ಮಿಲಿಮೀಟರ್ ಕಬ್ಬಿಣ ಮಾಡಿಬಿಡುತ್ತದೆ.

ಇದನ್ನು ಹತ್ತಿರದಿಂದ ನೋಡಿದ್ದು ನಮ್ಮ ಬೀದಿಯ ಟ್ಯಾಕ್ಸಿ ಚಾಲಕರೊಬ್ಬರ ಫೋನಿನಲ್ಲಿ. ಅವರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮ್ಯಾಗ್ನೆಟ್ ಹೋಲ್ಡರ್ ಇದೆ. ಅದರ ಜೊತೆ ಪೊಟ್ಟಣದಲ್ಲಿ ಎರಡು ತಗಡು ಬಂದಿದ್ದವು. ಒಂದು ಉದ್ದನೆಯ ಚೌಕ, ಇನ್ನೊಂದು ಹಳೆಯ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ದುಂಡು. ಮಗಳು ಹುಟ್ಟುಹಬ್ಬಕ್ಕೆ ವೈರ್‌ಲೆಸ್ ಪ್ಯಾಡ್ ಕೊಡಿಸಿದಾಗ ಫೋನಿನ ನಟ್ಟನಡುವೆ, ಕವರಿನೊಳಗೆ, ಚೌಕದ ತಗಡಿತ್ತು. ಪ್ಯಾಡಿನ ದೀಪ ಒಮ್ಮೆ ಮಿಣುಕಿ ಆರಿಹೋಯಿತು. ಕಾಯಿಲನ್ನು ಪೂರ್ತಿ ಮುಚ್ಚಿದ್ದರಿಂದ ಪ್ಯಾಡು ಎಷ್ಟು ತಟ್ಟಿದರೂ ಫೋನಿಗೆ ಕೇಳಿಸಲಿಲ್ಲ. ಉತ್ತರ ಬಾರದ್ದರಿಂದ ಪ್ಯಾಡು ಶಕ್ತಿ ಕೊಡಲೇ ಇಲ್ಲ. ಚಾರ್ಜ್ ಆಗಲಿಲ್ಲ, ಅಪಾಯವೂ ಆಗಲಿಲ್ಲ.

“ದೊಡ್ಡದು ತೆಗೆದು ಚಿಕ್ಕದು ಹಾಕಿಕೊಳ್ಳಿ ಅಣ್ಣಾ” ಎಂದು ಯಾರೋ ಹೇಳಿಕೊಟ್ಟರು. ದುಂಡು ತಗಡು ಹಾಕಿದರು. ಆಗ ಚಾರ್ಜ್ ಶುರುವಾಗುವುದು, ನಿಲ್ಲುವುದು, ಶುರುವಾಗುವುದು. ಕೊನೆಗೆ ಫೋನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಟ್ಟರೆ ನಿಲ್ಲದೆ ಚಾರ್ಜ್ ಆಗುತ್ತದೆ ಎಂಬುದನ್ನು ತಾವೇ ಕಂಡುಕೊಂಡರು. “ನೋಡಿ, ಉಪಾಯ ಮಾಡಿದ್ದೀನಿ” ಎಂದು ತೋರಿಸಿದಾಗ ಕವರ್ ಬಿಚ್ಚಿಸಿ ನೋಡಿದೆ. ಪಾರದರ್ಶಕ ಕವರಿನಲ್ಲಿ ತಗಡಿನ ಒಂದು ಅಂಚಿನುದ್ದಕ್ಕೆ ಕಂದು ಬಣ್ಣದ ಅರ್ಧಚಂದ್ರ. ತಗಡಿನ ಹಿಂದಿನ ಅಂಟು ಮೆತ್ತಗಾಗಿ ಜಾರಿತ್ತು. ತಗಡನ್ನು ಬೆರಳಲ್ಲಿ ಹಿಡಿದುಕೊಳ್ಳಲು ಆಗಲಿಲ್ಲ.

ಏನಾಗಿತ್ತು? ನಡುವೆ ಲೋಹ ಸಿಕ್ಕಿದ್ದನ್ನು ಪತ್ತೆ ಹಚ್ಚುವ ಏರ್ಪಾಡು ‘ಚೀ’ ಮಾನದಂಡದಲ್ಲೇ ಇದೆ. ಶಕ್ತಿ ಕೊಡುವ ಮೊದಲು ಹೊಸ ಪ್ಯಾಡುಗಳು ಕಾಯಿಲಿನ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ನೋಡುತ್ತವೆ. ಲೋಹ ಹತ್ತಿರವಿದ್ದರೆ ಬೇಗ ಅಡಗುತ್ತದೆ. ಚಾರ್ಜಿಂಗ್ ನಡೆಯುವಾಗ ಲೆಕ್ಕ ತಾಳೆ ನೋಡುತ್ತವೆ. ಉದಾಹರಣೆಗೆ ಪ್ಯಾಡು 6 ವ್ಯಾಟ್ ಕೊಡುತ್ತಿದೆ, ಅದರಲ್ಲಿ ತನ್ನ ಕಾಯಿಲಿನಲ್ಲೇ ಅರ್ಧ ವ್ಯಾಟ್ ಹೋಗುತ್ತದೆಂದು ಅದಕ್ಕೆ ಗೊತ್ತು. ಅಂದರೆ ಫೋನಿಗೆ ಐದೂವರೆ ಮುಟ್ಟಬೇಕು. ಫೋನು ‘ನನಗೆ 5.4 ಬಂತು’ ಎಂದು ವರದಿ ಕೊಟ್ಟರೆ ಸರಿ. ‘4.8 ಬಂತು’ ಎಂದರೆ ಉಳಿದ 0.7 ವ್ಯಾಟ್ ಎಲ್ಲಿ ಹೋಯಿತು? ನಡುವೆ ಯಾವುದೋ ಲೋಹ ಕುಡಿಯುತ್ತಿದೆ ಎಂದು ಪ್ಯಾಡು ಶಕ್ತಿ ಕಡಿಯುತ್ತದೆ. ದುಂಡು ತಗಡು ನಟ್ಟನಡುವೆ ಇದ್ದಾಗ ಆಗುತ್ತಿದ್ದುದು ಇದೇ. ಫೋನನ್ನು ಪಕ್ಕಕ್ಕೆ ಸರಿಸಿದಾಗ ತಗಡಿನ ಒಂದು ಅಂಚು ಮಾತ್ರ ಕ್ಷೇತ್ರದಲ್ಲಿ ಉಳಿಯಿತು. ಲೆಕ್ಕದ ವ್ಯತ್ಯಾಸ ಪ್ಯಾಡು ಸಹಿಸಿಕೊಳ್ಳುವ ಮಿತಿಯೊಳಗೆ ಬಂತು. ಕಾಯಿಲುಗಳು ಒಂದರ ಮೇಲೊಂದು ಸರಿಯಾಗಿ ಕೂರದ ಕಾರಣ ಪ್ಯಾಡು ಶಕ್ತಿಯನ್ನೂ ಏರಿಸಿತು. ಅರ್ಧ ವ್ಯಾಟ್ ಕೇಳಲು ಏನೂ ಅಲ್ಲ, ಆದರೆ ನಾಣ್ಯದಗಲದ ತಗಡೊಂದನ್ನು ಕೈ ಸುಡುವಷ್ಟು ಬಿಸಿ ಮಾಡಲು ಅದು ಸಾಕು.

ಹಾಗಾಗಿ ಪೂರ್ತಿ ಮುಚ್ಚುವ ದೊಡ್ಡ ತಗಡಿಗಿಂತ, ಅರೆಬರೆ ಮುಚ್ಚುವ ಚಿಕ್ಕ ತಗಡೇ ಹೆಚ್ಚು ಅಪಾಯ. ಈ ಏರ್ಪಾಡನ್ನು ಪರೀಕ್ಷಿಸಲು ಕೂಟದವರು ಬಳಸುವುದೂ ಸಣ್ಣ ವಸ್ತುಗಳನ್ನೇ: ಚಿಕ್ಕ ಸ್ಟೀಲ್ ಬಿಲ್ಲೆ, ಅಲ್ಯುಮಿನಿಯಂ ಉಂಗುರ, ತೆಳು ಅಲ್ಯುಮಿನಿಯಂ ಹಾಳೆ. ಕವರಿನ ಹಿಂದೆ ಮಾತ್ರೆ ಪಟ್ಟಿ ಇಟ್ಟುಕೊಳ್ಳುವವರು ಆ ಕೊನೆಯದನ್ನು ಗಮನಿಸಬೇಕು. ಹಾಳೆಗೆ ತೂಕವೇ ಇಲ್ಲದ್ದರಿಂದ ಕ್ಷಣದಲ್ಲಿ ಬಿಸಿಯೇರುತ್ತದೆ. ಮುದ್ರೆಯಿಲ್ಲದ ಅಗ್ಗದ ಪ್ಯಾಡುಗಳಲ್ಲಿ ಈ ತಾಳೆ ನೋಡುವ ಕೆಲಸ ನಾಮಕಾವಸ್ತೆ ಇರಬಹುದು, ಇಲ್ಲದೆಯೂ ಇರಬಹುದು. ‘ಯಾವ ಕವರಿದ್ದರೂ, ಪ್ಲೇಟಿದ್ದರೂ ಚಾರ್ಜ್ ಆಗುತ್ತೆ’ ಎಂದು ಹೊಗಳಿ ಮಾರುವ ಪ್ಯಾಡನ್ನು ಕಂಡರೆ ನನಗಂತೂ ಕೊಳ್ಳುವ ಮನಸ್ಸಾಗುವುದಿಲ್ಲ.

ಮೆಟ್ರೋ ಕಾರ್ಡು, ಬ್ಯಾಂಕ್ ಕಾರ್ಡುಗಳದು ಬೇರೆ ತೊಂದರೆ. ಅವುಗಳ ಒಳಗೆ ಅಂಚಿನುದ್ದಕ್ಕೆ ಒಂದು ಸಣ್ಣ ಕಾಯಿಲ್ ಇದೆ, ಅದಕ್ಕೊಂದು ಚಿಪ್ ಜೋಡಿಸಿದೆ. ಗೇಟಿನ ಯಂತ್ರ ಕೊಡುವ ಚೂರು ಶಕ್ತಿಗೆಂದು ಮಾಡಿದ ಆ ಚಿಪ್ಪನ್ನು ಹತ್ತು ಹದಿನೈದು ವ್ಯಾಟಿನ ಕಾಯಿಲಿನ ಮೇಲೆ ರಾತ್ರಿಯಿಡೀ ಮಲಗಿಸಿದರೆ ಅದು ಕೆಡಬಹುದು. ಹೋಟೆಲ್ ಕೋಣೆಯ ಕೀ-ಕಾರ್ಡಿನಲ್ಲಿ ಕಪ್ಪು ಪಟ್ಟಿ ಇದ್ದರೆ ಮ್ಯಾಗ್ನೆಟ್ ಉಂಗುರವೇ ಅದನ್ನು ಅಳಿಸಿಹಾಕುತ್ತದೆ. ಫೋನಿಗೂ ಪ್ಯಾಡಿಗೂ ನಡುವೆ ಕಾರ್ಡು ಬೇಡ ಎಂಬ ಎಚ್ಚರಿಕೆಯನ್ನು ಕಂಪನಿಗಳು ಕೊಡುವುದು ಇದಕ್ಕೇ.

ಇನ್ನು ಉಂಗುರ. 2020ರಲ್ಲಿ ಐಫೋನ್ 12ರೊಂದಿಗೆ ಆಪಲ್ ಮ್ಯಾಗ್‌ಸೇಫ್ ತಂದಿತು. ಫೋನಿನ ಕಾಯಿಲಿನ ಸುತ್ತ ಮ್ಯಾಗ್ನೆಟ್ಟಿನ ತುಂಡುಗಳನ್ನು ಉಂಗುರದಂತೆ ಜೋಡಿಸಿದ ಏರ್ಪಾಡು ಅದು. ಅದೇ ವಿನ್ಯಾಸವನ್ನು ಆಧರಿಸಿ 2023ರಲ್ಲಿ ‘ಚೀ 2’ ಮಾನದಂಡ ಬಂತು. ಮ್ಯಾಗ್ನೆಟ್ಟಿನಿಂದ ಚಾರ್ಜ್ ಆಗುತ್ತದೆ ಎಂದು ತಿಳಿದವರು ಬಹಳ ಮಂದಿ. ಅದು ತಪ್ಪು. ಮ್ಯಾಗ್ನೆಟ್ಟು ಒಂದಿಷ್ಟೂ ವಿದ್ಯುತ್ ಸಾಗಿಸುವುದಿಲ್ಲ. ಎರಡು ಕಾಯಿಲುಗಳ ನಡುಬಿಂದು ಒಂದರ ಮೇಲೊಂದು ಕೂರುವಂತೆ ಎಳೆದು ನಿಲ್ಲಿಸುವುದಷ್ಟೇ ಅದರ ಕೆಲಸ. ಮ್ಯಾಗ್ನೆಟ್ಟೂ ಲೋಹವೇ, ಅದೂ ಬಿಸಿಯಾಗಬಲ್ಲದು. ಆದ್ದರಿಂದಲೇ ಅದನ್ನು ಕಾಯಿಲಿನ ಮೇಲಲ್ಲ, ಸುತ್ತ ಇಟ್ಟಿರುವುದು. ಉಂಗುರದ ಹೊರ ಅಗಲ ಐದೂವರೆ ಸೆಂಟಿಮೀಟರ್ ಆಸುಪಾಸು, ಒಳಗಿನ ಬಯಲು ನಾಲ್ಕೂವರೆ ಸೆಂಟಿಮೀಟರ್. ಕಾಯಿಲ್ ಆ ಬಯಲಿನಲ್ಲಿರಬೇಕು.

ಇಷ್ಟು ತಿಳಿದರೆ ಅಂಗಡಿಯಲ್ಲಿ ಸಿಗುವ ಬಗೆಬಗೆಯ ಉಂಗುರಗಳಲ್ಲಿ ಯಾವುದು ಸರಿ ಎಂದು ತಾನಾಗಿ ಗೊತ್ತಾಗುತ್ತದೆ. ಬೆರಳಿಗೆ ಸಿಕ್ಕಿಸುವ, ನಡುವೆ ಲೋಹದ ಬಿಲ್ಲೆಯಿರುವ ರಿಂಗು ಕಾಯಿಲಿನ ನೆತ್ತಿಯ ಮೇಲೇ ಕೂರುತ್ತದೆ, ಬೇಡ. ಇಡೀ ಬಿಲ್ಲೆಯಾಗಿರುವ ಬಲವಾದ ಮ್ಯಾಗ್ನೆಟ್ಟು ಇನ್ನೂ ಕೆಟ್ಟದ್ದು. ಕಾಯಿಲಿನ ಬೆನ್ನಿಗೆ ಕಾಂತಕ್ಷೇತ್ರವನ್ನು ಹಿಡಿದಿಡಲೆಂದು ಒಂದು ಫೆರೈಟ್ ಹಾಳೆ ಇರುತ್ತದೆ. ಬಲವಾದ ಮ್ಯಾಗ್ನೆಟ್ಟು ಅದರ ಸಾಮರ್ಥ್ಯವನ್ನೆಲ್ಲ ತಾನೇ ತುಂಬಿಬಿಡುತ್ತದೆ, ಚಾರ್ಜಿಂಗಿಗೆ ಏನೂ ಉಳಿಯುವುದಿಲ್ಲ. ಅಂಟಿಸುವ ತೆಳು ಕಬ್ಬಿಣದ ಉಂಗುರ ನಡೆಯುತ್ತದೆ, ಆದರೆ ಅದರಲ್ಲಿ ಒಂದು ಕಡೆ ಸೀಳಿದೆಯೇ ನೋಡಿ. ಪೂರ್ತಿ ಮುಚ್ಚಿದ ಉಂಗುರ ಕಾಯಿಲಿನ ಸುತ್ತ ಇನ್ನೊಂದು ಸುತ್ತು ತಂತಿಯಂತೆ ವರ್ತಿಸಿ ತನ್ನೊಳಗೇ ವಿದ್ಯುತ್ತು ಹರಿಸಿಕೊಳ್ಳುತ್ತದೆ. ಆ ಸಣ್ಣ ಸೀಳು ಅದನ್ನು ತಡೆಯುತ್ತದೆ.

ಉಂಗುರ ಸರಿಯಿದ್ದರೂ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಮ್ಯಾಗ್ನೆಟ್ ಇಲ್ಲದ ಫೋನಿಗೆ ಉಂಗುರ ಅಂಟಿಸುವವರು ಕಣ್ಣಳತೆಯಲ್ಲಿ ಫೋನಿನ ನಡುವೆ ಅಂಟಿಸುತ್ತಾರೆ. ಕಾಯಿಲ್ ಫೋನಿನ ಸರಿಯಾದ ನಡುವೆಯೇ ಇರಬೇಕೆಂದೇನೂ ಇಲ್ಲ. ಕ್ಯಾಮೆರಾಗೆ ಜಾಗ ಬಿಟ್ಟು ಕೆಳಗೆ ಸರಿದಿರಬಹುದು. ಐದಾರು ಮಿಲಿಮೀಟರ್ ತಪ್ಪಿದರೆ ಸಾಕು, ಮ್ಯಾಗ್ನೆಟ್ಟು ಪ್ರತಿ ಸಲವೂ ಬಲವಂತವಾಗಿ ತಪ್ಪು ಜಾಗಕ್ಕೇ ಎಳೆದು ಕೂರಿಸುತ್ತದೆ. ಅದಕ್ಕಿಂತ ಮ್ಯಾಗ್ನೆಟ್ ಇಲ್ಲದ ಸಾದಾ ಪ್ಯಾಡೇ ವಾಸಿ. ಜಾಗ ಹುಡುಕುವುದು ಕಷ್ಟವೇನಲ್ಲ. ಕವರ್ ತೆಗೆದು, ಬೆನ್ನಿಗೆ ಕಾಗದದ ಟೇಪ್ ಹಚ್ಚಿ, ದುಂಡನೆಯ ಚಿಕ್ಕ ಚಾರ್ಜರೊಂದನ್ನು ಬೆನ್ನ ಮೇಲಿಡಿ. ಮೆಲ್ಲಗೆ ಎಡಕ್ಕೆ ಸರಿಸುತ್ತಾ ಹೋದರೆ ಒಂದು ಕಡೆ ಚಾರ್ಜಿಂಗ್ ಕಡಿಯುತ್ತದೆ. ಅಲ್ಲಿ ಚಾರ್ಜರಿನ ಅಂಚಿಗೆ ಪೆನ್ಸಿಲ್ ಗೀರು ಹಾಕಿ. ಬಲಕ್ಕೂ ಹಾಗೇ ಮಾಡಿ. ಎರಡು ಸ್ಥಾನಗಳ ನಡುವೆ ಕಾಯಿಲಿನ ಮಧ್ಯಗೆರೆ. ಮೇಲೆ ಕೆಳಗೂ ಹೀಗೇ ನೋಡಿದರೆ ನಡುಬಿಂದು ಸಿಗುತ್ತದೆ. ಪ್ರತಿ ಸಲ ಸರಿಸಿದ ಮೇಲೆ ಮೂರ್ನಾಲ್ಕು ಸೆಕೆಂಡು ತಾಳಿ, ಪ್ಯಾಡು ಮತ್ತೆ ತಟ್ಟಿ ನೋಡಲು ಅಷ್ಟು ಹೊತ್ತು ಬೇಕು.

ಐಫೋನಿನಂತೆ ಒಳಗೇ ಮ್ಯಾಗ್ನೆಟ್ ಇರುವ ಫೋನಿಗೆ ದಪ್ಪ ಸಾದಾ ಕವರ್ ಹಾಕಿದರೆ ಹಿಡಿತ ಸಡಿಲವಾಗುತ್ತದೆ. ಅದಕ್ಕೆ ಜನ ಮ್ಯಾಗ್ನೆಟ್ ಇರುವ ದಪ್ಪ ಕವರ್ ಕೊಳ್ಳುತ್ತಾರೆ. ಈಗ ಚಾರ್ಜರ್ ಟಪ್ಪೆಂದು ಕಚ್ಚಿಕೊಳ್ಳುತ್ತದೆ, ಎತ್ತಿದರೂ ಬೀಳುವುದಿಲ್ಲ. ಮನಸ್ಸಿಗೆ ಸಮಾಧಾನ. ಆದರೆ ಹತ್ತಿರ ಬಂದದ್ದು ಮ್ಯಾಗ್ನೆಟ್ಟುಗಳು, ಕಾಯಿಲುಗಳಲ್ಲ. ಕಾಯಿಲುಗಳ ನಡುವಿನ ದೂರ ಆ ದಪ್ಪ ಕವರಿನಷ್ಟೇ ಉಳಿದಿದೆ. ಗಟ್ಟಿ ಹಿಡಿತವನ್ನು ನೋಡಿ ಚಾರ್ಜ್ ಚೆನ್ನಾಗಿ ಆಗುತ್ತಿದೆ ಎಂದು ತೀರ್ಮಾನಿಸುವ ಹಾಗಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಫೋನಿನ ಬೆನ್ನನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸಹಜ. ಅಂಗೈ ಇಟ್ಟುಕೊಳ್ಳಲು ಇರಿಸುಮುರಿಸಾದರೆ ಕವರ್ ತೆಗೆದು ಇನ್ನೊಮ್ಮೆ ನೋಡಿ. ಬಿಸಿ ಇಡೀ ಬೆನ್ನಿಗೆ ಹರಡಿದ್ದರೆ ದೂರದ್ದೋ ಜಾಗದ್ದೋ ತೊಂದರೆ. ಒಂದೇ ಚುಕ್ಕೆಯಲ್ಲಿ ಚುರುಕ್ಕೆಂದರೆ ಅಲ್ಲಿ ಲೋಹವಿದೆ.

ಕೊಳ್ಳುವಾಗ ಆಗುವ ಇನ್ನೊಂದು ಎಡವಟ್ಟು: ಫೋನಿನೊಳಗೆ ಕಾಯಿಲೇ ಇಲ್ಲದಿರುವುದು. ಇಪ್ಪತ್ತು ಸಾವಿರದ ಒಳಗಿನ ಬಹುಪಾಲು ಫೋನುಗಳಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇರುವುದಿಲ್ಲ. ಅವಕ್ಕೂ ‘ಮ್ಯಾಗ್‌ಸೇಫ್ ಕವರ್’ ಎಂದು ಬಿಳಿ ಉಂಗುರದ ಕವರುಗಳು ಸಿಗುತ್ತವೆ. ಚಾರ್ಜರ್ ಅಂದವಾಗಿ ಅಂಟಿಕೊಳ್ಳುತ್ತದೆ, ಚಾರ್ಜ್ ಮಾತ್ರ ಆಗುವುದಿಲ್ಲ. ಇನ್ನು ಗ್ಯಾಲಕ್ಸಿ ಎಸ್25ರಂಥ ಫೋನುಗಳಲ್ಲಿ ಕಾಯಿಲ್ ಇದೆ, ಮ್ಯಾಗ್ನೆಟ್ ಇಲ್ಲ. ಅವಕ್ಕೆ ಉಂಗುರದ ಕವರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮ್ಯಾಗ್ನೆಟ್ಟಿನ ಫೋನು, ಚಾರ್ಜರುಗಳನ್ನು ಅಂಗಿಯ ಜೇಬಿನಲ್ಲಿ ಇಡಬಾರದು. 15 ಸೆಂಟಿಮೀಟರಿಗಿಂತ, ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರಿಗಿಂತ ದೂರವಿರಲಿ ಎಂದು ಆಪಲ್ ಹೇಳುತ್ತದೆ.

ಟ್ಯಾಕ್ಸಿಯವರ ಫೋನಿಗೆ ಮಾಡಿದ್ದು ಸರಳ. ಕಾಯಿಲಿನ ಜಾಗ ಗುರುತು ಮಾಡಿ, ದುಂಡು ತಗಡನ್ನು ಅಲ್ಲಿಂದ ಪೂರ್ತಿ ಕೆಳಗೆ, ಚಾರ್ಜಿಂಗ್ ಪಿನ್ನಿನ ಹತ್ತಿರಕ್ಕೆ ಇಳಿಸಿ ಕವರಿನ ಹೊರಮೈಗೆ ಅಂಟಿಸಿದೆವು. ಹೋಲ್ಡರಿನಲ್ಲಿ ಫೋನು ಈಗ ಸ್ವಲ್ಪ ತಲೆಭಾರವಾಗಿ ನಿಲ್ಲುತ್ತದೆ. ಹಂಪ್ ಬಂದರೆ ಓಲಾಡುತ್ತದೆ ಎಂಬುದು ಅವರ ತಕರಾರು. ಅದಕ್ಕೆ ಹೋಲ್ಡರನ್ನು ಒಂದಿಷ್ಟು ಹಿಂದಕ್ಕೆ ಬಾಗಿಸಿಕೊಂಡಿದ್ದಾರೆ. ತಗಡನ್ನು ಫೋನಿನ ಗಾಜಿಗೇ ಅಂಟಿಸಿಕೊಂಡವರು ಚಾಕು ಹಾಕಿ ಎಬ್ಬಬಾರದು. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಅರ್ಧ ನಿಮಿಷ ತೋರಿಸಿ, ಅಂಚಿನಲ್ಲಿ ನೈಲಾನ್ ದಾರ ತೂರಿಸಿ ಗರಗಸದಂತೆ ಎಳೆದರೆ ಅಂಟು ಬಿಟ್ಟುಕೊಳ್ಳುತ್ತದೆ.